ಹೆಸರು ಹೇಳದೆ ಪ್ರೊಫೈಲ್ ಮಾಡಿದ್ದು: ಉದ್ಯಮಬಾಗದಿಂದ ನನ್ನ ಅನುಭವ

ಹೊಸ ಕಸ್ಟಮರ್‌ಗೆ ತೋರಿಸಲು ಮಾಡಿದ ನಮ್ಮ ಶಾಪಿನ ಪ್ರೊಫೈಲ್ ನೋಡಿ ನಮ್ಮ ಭಾವ ಹೇಳಿದ ಮಾತು ಮೊದಲು. "ಕಸ್ಟಮರ್ ಹೆಸರಿಲ್ಲ, ಜಾಬ್ ಫೋಟೋ ಇಲ್ಲ. ಖಾಲಿ ಹಾಳಿ ನೋಡಿ ಆರ್ಡರ್ ಯಾರು ಕೊಡ್ತಾರ?" ಭಾವ ನನ್ನ ಪಾಲುದಾರ ಕೂಡ. ಲೆಕ್ಕ ಅವರದು, ಮಷಿನ್ ನನ್ನದು. ಆಮೇಲೆ ಅದೇ ಹಾಳಿ ಹಿಡಿದು ಪುಣೆ ಕಡೆಯ ಒಂದು ಹೊಸ ಕಸ್ಟಮರ್ ಹತ್ತಿರ ಟ್ರಯಲ್ ಆರ್ಡರ್ ತಂದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್. ಎರಡು ವಿಎಂಸಿ, ಒಂದು ಎಚ್‌ಎಂಸಿ, ಹದಿನಾಲ್ಕು ಜನ. ಹೈಡ್ರಾಲಿಕ್ ಕಾಸ್ಟಿಂಗ್ ಕೆಲಸವೇ ಜಾಸ್ತಿ. ಎಲ್ಲ ಕಸ್ಟಮರ್‌ಗಳ ಹತ್ತಿರವೂ ಎನ್‌ಡಿಎಗೆ, ಅಂದರೆ ಗುಟ್ಟು ಕಾಯುವ ಒಪ್ಪಂದಕ್ಕೆ, ಸಹಿ ಮಾಡಿದ್ದೇವೆ. ಸಹಿ ಮಾಡುವಾಗ ಓದಿರಲಿಲ್ಲ. ನೀವೂ ಓದಿರಲಿಕ್ಕಿಲ್ಲ ಬಿಡಿ.

ಓದದೇ ಇದ್ದದ್ದಕ್ಕೆ ದುಡ್ಡು ಕಳೆದುಕೊಂಡೆ. ನಾಲ್ಕು ವರ್ಷದ ಹಿಂದೆ ಒಂದು ಜಾಬ್ ಚೆನ್ನಾಗಿ ಬಂತು ಅಂತ ಖುಷಿಯಾಗಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಪಾರ್ಟ್ ನಂಬರ್ ಮೇಲೆ ಕರಿ ಪಟ್ಟಿ ಎಳೆದಿದ್ದೆ. ಆದರೆ ಹಿಂದೆ ಬೋರ್ಡಿಗೆ ಸಿಕ್ಕಿಸಿದ್ದ ಡ್ರಾಯಿಂಗ್ ಅರ್ಧ ಕಾಣುತ್ತಿತ್ತು. ಜಾಬ್ ಇಟ್ಟಿದ್ದ ಬಿನ್ನಿನ ಬಣ್ಣ ಆ ಕಸ್ಟಮರ್‌ದೇ. ಮರುದಿನ ಬೆಳಿಗ್ಗೆ ಪರ್ಚೇಸ್ ಸಾಹೇಬರ ಫೋನ್ ಬಂತು. "ಏನ್ರೀ ಇದು, ನಮ್ಮ ಮಾಲು ಊರಿಗೆಲ್ಲ ತೋರಸ್ತೀರೇನು?" ನೋಟಿಸ್ ಬರಲಿಲ್ಲ, ಕೇಸ್ ಆಗಲಿಲ್ಲ. ಮುಂದಿನ ಶೆಡ್ಯೂಲ್ ಮಾತ್ರ ಬರಲಿಲ್ಲ. ಅಂದಾಜು ಎಂಟು ಲಕ್ಷದ ಕೆಲಸ ಹೋಯಿತು.

ಆಗ ಎನ್‌ಡಿಎ ತೆಗೆದು ಕೂತು ಓದಿದೆ. ಅದರಲ್ಲಿ ಡ್ರಾಯಿಂಗ್ ಒಂದೇ ಅಲ್ಲ, ಅವರ ಜೊತೆ ವ್ಯವಹಾರ ಇದೆ ಅನ್ನುವುದೂ ಗುಟ್ಟು ಅಂತ ಬರೆದಿತ್ತು. ಅಂದರೆ ಹೆಸರು ಹೇಳುವುದೂ ತಪ್ಪು. ಮುಂಚೆಯೇ ನಮಗೆ ಗೊತ್ತಿದ್ದ ವಿಷಯ, ನಾವೇ ಬೇರೆಯಾಗಿ ಕಂಡುಕೊಂಡ ವಿಷಯ ಇದಕ್ಕೆ ಸೇರುವುದಿಲ್ಲ ಅಂತಲೂ ಕೆಳಗೆ ಇತ್ತು. ನನಗೆ ದಾರಿ ಸಿಕ್ಕಿದ್ದು ಆ ಸಾಲಿನಲ್ಲಿ.

ಮೂರು ಬಣ್ಣದ ಪೆನ್ನು ತಗೊಂಡು ಹಳೆ ಪ್ರೊಫೈಲಿನ ಪ್ರತಿ ಸಾಲಿಗೂ ಗುರುತು ಹಾಕಿದೆ. ಅವರದ್ದು ಕೆಂಪು: ಹೆಸರು, ಪಾರ್ಟು, ಡ್ರಾಯಿಂಗ್, ವರ್ಷದ ಸಂಖ್ಯೆ, ರೇಟು. ನನ್ನದು ಹಸಿರು: ಮಷಿನ್, ಜನ, ಸೆಟಪ್ ಮಾಡುವ ರೀತಿ. ಎರಡೂ ಬೆರೆತದ್ದು ಹಳದಿ. ತಲೆನೋವು ಈ ಹಳದಿಯದೇ. ಐದು ಫಿಕ್ಸ್ಚರ್ ಫೋಟೋ ಹಾಕಿದ್ದೆ, ನಾನೇ ಡಿಸೈನ್ ಮಾಡಿದ್ದು. ಪಿಒ ತೆಗೆದು ನೋಡಿದರೆ ಎರಡಕ್ಕೆ ಟೂಲಿಂಗ್ ಖರ್ಚು ಕಸ್ಟಮರ್ ಕೊಟ್ಟಿದ್ದರು, ಫಿಕ್ಸ್ಚರ್ ಅವರ ಆಸ್ತಿ ಅಂತ ಸ್ಪಷ್ಟವಾಗಿ ಇತ್ತು. ನನ್ನ ಕೈಕೆಲಸ, ಆದರೆ ನನ್ನ ಮಾಲಲ್ಲ. ಉಳಿದ ಮೂರು ನನ್ನ ದುಡ್ಡಿನವು. ಆದರೂ ಕ್ಲ್ಯಾಂಪ್ ಮತ್ತು ಲೊಕೇಟರ್ ಇರುವ ಜಾಗ ನೋಡಿದರೆ ಜಾಬಿನ ಆಕಾರ ಗೊತ್ತಾಗುತ್ತದೆ. ಐದನ್ನೂ ತೆಗೆದೆ. ಹೊಟ್ಟೆ ಉರಿಯಿತು.

ಆಮೇಲೆ ಬರವಣಿಗೆ. ಮೊದಲ ಕರಡಿನಲ್ಲಿ ಹೆಸರು ತೆಗೆದು ಹೀಗೆ ಬರೆದಿದ್ದೆ: ಇಂಥ ದೇಶಕ್ಕೆ ರಫ್ತು ಮಾಡುವ ಹೈಡ್ರಾಲಿಕ್ ಕಂಪನಿಗೆ, ಇಷ್ಟು ಕೆಜಿ ತೂಕದ, ಇಷ್ಟು ಸ್ಪೂಲಿನ ವಾಲ್ವ್ ಬಾಡಿ, ವರ್ಷಕ್ಕೆ ಇಷ್ಟು ಸಾವಿರ. ಹೆಸರಿಲ್ಲವಲ್ಲ, ಆಯಿತು ಅಂದುಕೊಂಡೆ. ಮಧ್ಯಾಹ್ನ ಚಹಾದ ಅಂಗಡಿಯಲ್ಲಿ ಗೆಳೆಯನಿಗೆ ತೋರಿಸಿದೆ. ಅವನದು ಮಚ್ಛೆಯಲ್ಲಿ ಹೋನಿಂಗ್ ಕೆಲಸ. ಚಹಾ ಆರುವುದರೊಳಗೆ ಕಂಪನಿ ಹೆಸರಷ್ಟೇ ಅಲ್ಲ, ಮಾಡೆಲ್ ಕೂಡ ಹೇಳಿಬಿಟ್ಟ! ಬೆಳಗಾವಿಯಲ್ಲಿ ಈ ಕೆಲಸ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ. ದೇಶ, ತೂಕ, ಸ್ಪೂಲು, ಸಂಖ್ಯೆ ಬೇರೆ ಬೇರೆ ಇದ್ದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕೂ ಒಂದೇ ಸಾಲಿನಲ್ಲಿ ಕೂತರೆ ವಿಳಾಸ ಬರೆದ ಹಾಗೆ.

ಅವತ್ತಿನಿಂದ ಇದನ್ನೇ ಪರೀಕ್ಷೆ ಮಾಡಿಕೊಂಡೆ. ನಿಜವಾದ ವಿಷಯ ಕರಡಿನಲ್ಲಿ ಇಟ್ಟು ತೋರಿಸಿದರೆ ಅದೇ ತಪ್ಪಾಗುತ್ತದೆ. ಆದ್ದರಿಂದ ಮೊದಲು ನಾನೇ ಬಿಗಿ ಮಾಡಿ, ಹೊರಗೆ ಕಳಿಸಬಹುದು ಅನ್ನಿಸಿದ ಮೇಲೆ ಮೂರು ಜನರಿಗೆ ಕೊಡುತ್ತೇನೆ. "ಯಾರ ಜಾಬ್ ಇರಬಹುದು?" ಅಂತ ಮಾತ್ರ ಕೇಳುತ್ತೇನೆ. ಸರಿಯೋ ತಪ್ಪೋ ನನ್ನ ಮುಖದಲ್ಲಿ ಕಾಣಬಾರದು. ಮೂವರೂ ಒಂದೇ ಹೆಸರು ಹೇಳಿದರೆ ಸಾಲು ಹೋಯಿತು. ಬೇರೆ ಬೇರೆ ಹೆಸರು ಹೇಳಿದರೆ ಉಳಿಯಿತು. ಯಾವ ಮೂವರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಬಂಡವಾಳ.

ಕೊನೆಗೆ ಉಳಿದ ಸಾಲು ಹೀಗಿತ್ತು: "ಎಸ್‌ಜಿ ಐರನ್ ಕಾಸ್ಟಿಂಗ್, ಒಬ್ಬರು ಕೈಯಲ್ಲಿ ಎತ್ತುವಷ್ಟು ತೂಕ. ತೆಳು ಗೋಡೆಯ ಉದ್ದ ಬೋರ್, ಸಿಲಿಂಡ್ರಿಸಿಟಿ ಒಂದಂಕಿ ಮೈಕ್ರಾನ್. ವರ್ಷಕ್ಕೆ ಐದಂಕಿ ಸಂಖ್ಯೆ. ಸೈಕಲ್ ಟೈಮ್ ಮೊದಲು 100 ಇದ್ದರೆ ಈಗ 55. ರಿಜೆಕ್ಷನ್ ಮೊದಲಿನ ಆರನೇ ಒಂದು ಪಾಲು." ಐದಂಕಿ ಅಂದರೆ ಹತ್ತು ಸಾವಿರವೂ ಹೌದು, ತೊಂಬತ್ತು ಸಾವಿರವೂ ಹೌದು. ಆದರೆ ನಾವು ಇಪ್ಪತ್ತು ಪೀಸ್ ಮಾಡಿ ಬಿಡುವವರಲ್ಲ ಅಂತ ಓದುವವನಿಗೆ ಗೊತ್ತಾಗುತ್ತದೆ. ಅಷ್ಟು ಸಾಕು.

ಇಲ್ಲಿ ಒಂದು ಕಡೆ ಜಾರಿದೆ. ಜೋರಾಗಿ ಕಾಣಲಿ ಅಂತ "ಪ್ರತಿ ಜಾಬಿಗೆ ಹತ್ತು ನಿಮಿಷ ಉಳಿಸಿದ್ದೇವೆ" ಅಂತ ಕೆಳಗೆ ಸೇರಿಸಿದ್ದೆ. ಭಾವ ಕ್ಯಾಲ್ಕುಲೇಟರ್ ಒತ್ತಿದರು. 45 ಪರ್ಸೆಂಟ್ ಅಂದರೆ ಹತ್ತು ನಿಮಿಷ, ಹಾಗಾದರೆ ಮೊದಲಿಗೆ 22, ಈಗ 12. ಅದಕ್ಕೆ ಊರಿನ ಮಷಿನ್ ಅವರ್ ರೇಟು ಗುಣಿಸಿದರೆ ಕಸ್ಟಮರ್ ನಮಗೆ ಸುಮಾರು ಎಷ್ಟು ಕೊಡುತ್ತಾರೆ ಅನ್ನುವುದು ಬಂದುಬಿಡುತ್ತದೆ. ಪರ್ಸೆಂಟ್ ಕೊಟ್ಟರೆ ನಿಮಿಷ ಕೊಡಬಾರದು. ಈ ಒಂದು ಉಪಕಾರಕ್ಕೆ ಭಾವನಿಗೆ ಒಂದು ಕಿಲೋ ಕುಂದಾ ಕೊಡಿಸಿದೆ.

ಇಷ್ಟಾದರೂ ಬರೀ ಅಂಕಿ ನೋಡಿ ನಂಬುವವರು ಯಾರು? ಕೈಗೆ ಕೊಡಲು ಏನಾದರೂ ಬೇಕಿತ್ತು. ಕಸ್ಟಮರ್ ಜಾಬಿನ ತ್ರೀಡಿ ಮಾಡೆಲ್ ತೆಗೆದು, ಪೋರ್ಟ್‌ಗಳನ್ನು ಅಳಿಸಿ, 80 ಪರ್ಸೆಂಟಿಗೆ ಸಣ್ಣ ಮಾಡಿ ಸ್ಯಾಂಪಲ್ ಮಾಡೋಣ ಅಂದುಕೊಂಡೆ. ಪ್ರೋಗ್ರಾಂ ಕೂಡ ಬರೆದಾಗಿತ್ತು. ನಮ್ಮ ಕ್ವಾಲಿಟಿ ಹುಡುಗ "ಅಣ್ಣಾ, ಸಣ್ಣ ಮಾಡಿದ್ರೂ ಮೂಲ ಅವರ ಡ್ರಾಯಿಂಗೇ ಅಲ್ಲೇನು?" ಅಂದ. ಹೌದಲ್ಲ! ಬಿಟ್ಟೆ.

ಖಾಲಿ ಹಾಳೆಯಿಂದ ಶುರು ಮಾಡಿದೆ. ಎಸ್‌ಜಿ ಐರನ್ ಬಾರ್ ತಂದು ಚೌಕ ಬ್ಲಾಕ್ ಮಾಡಿ ಉದ್ದ ಬೋರ್ ಹಾಕಿದೆ. ಅಳತೆ ಬಹಳ ಚೆನ್ನಾಗಿ ಬಂತು. ಆದರೆ ಅದು ಏನನ್ನೂ ಸಾಬೀತು ಮಾಡಲಿಲ್ಲ. ವಾಲ್ವ್ ಬಾಡಿಯ ಕಷ್ಟ ನಿಮಗೆ ಗೊತ್ತು. ಕ್ಲ್ಯಾಂಪ್ ಮಾಡಿದಾಗ ಬೋರ್ ದುಂಡಗೆ ಇರುತ್ತದೆ, ಬಿಟ್ಟ ಮೇಲೆ ಮೊಟ್ಟೆ ಆಗುತ್ತದೆ. ಗಟ್ಟಿ ಬ್ಲಾಕಿನಲ್ಲಿ ಗೋಡೆ ದಪ್ಪ, ಅದು ಕದಲುವುದೇ ಇಲ್ಲ. ಅಂಥದನ್ನು ಯಾರು ಬೇಕಾದರೂ ಮಾಡುತ್ತಾರೆ.

ಎರಡನೇ ಬ್ಲಾಕಿಗೆ ಹೊರಗಿನಿಂದ ಪಾಕೆಟ್ ತೆಗೆದು ಗೋಡೆಯನ್ನು ಐದಾರು ಮಿಲಿಮೀಟರಿಗೆ ಇಳಿಸಿದೆ. ಈಗ ರೋಗ ಬಂತು. ಫಿಕ್ಸ್ಚರ್ ಮೇಲೆ ಅಳೆದಾಗ ಸಿಲಿಂಡ್ರಿಸಿಟಿ 4 ಮೈಕ್ರಾನ್ ಇದ್ದದ್ದು ಬಿಟ್ಟ ಮೇಲೆ 13 ಆಯಿತು. ನನಗೆ ಬೇಕಿದ್ದದ್ದು ಇದೇ. ಮೂರನೆಯದಕ್ಕೆ ರಫ್ ಪೂರಾ ಪ್ರೆಷರಿನಲ್ಲಿ ಮಾಡಿದೆ. ಫಿನಿಶ್‌ಗೆ ಮೊದಲು ಕ್ಲ್ಯಾಂಪ್ ಪೂರ್ತಿ ಬಿಟ್ಟು, ಮತ್ತೆ ಕಡಿಮೆ ಪ್ರೆಷರಿನಲ್ಲಿ ಹಿಡಿದೆ. ಕ್ಲ್ಯಾಂಪ್ ಸರಿಯಾಗಿ ರೆಸ್ಟ್ ಪ್ಯಾಡಿನ ಮೇಲೆಯೇ ಬರುವಂತೆ ನೋಡಿಕೊಂಡೆ. ಪ್ರೆಷರ್ ಎಷ್ಟು, ಯಾವ ಹಂತದಲ್ಲಿ ಎಷ್ಟು ಹೊತ್ತು ಬಿಟ್ಟೆ ಅಂತ ಕೇಳಬೇಡಿ. ಬಿಟ್ಟ ಮೇಲೂ 5 ಮೈಕ್ರಾನ್ ಬಂತು. ಈ ಅಂಕಿಗಳನ್ನು ನಾನು ಊರಿಗೆಲ್ಲ ಹೇಳಬಹುದು. ಬ್ಲಾಕ್ ನನ್ನದು, ಡ್ರಾಯಿಂಗ್ ನನ್ನದು, ಕ್ಲ್ಯಾಂಪಿನ ಈ ಪಾಠವೂ ಎನ್‌ಡಿಎಗೆ ಮುಂಚೆ ನಾನು ಬೇರೆ ಕೆಲಸದಲ್ಲಿ ಕಲಿತದ್ದು. ಹಾಗಲ್ಲದೆ ಕಸ್ಟಮರ್ ಎಂಜಿನಿಯರ್ ಹೇಳಿಕೊಟ್ಟದ್ದಾಗಿದ್ದರೆ ಅದೂ ಕೆಂಪು ಪಟ್ಟಿಗೇ ಹೋಗಬೇಕಿತ್ತು.

ಖರ್ಚು ಎಸ್‌ಜಿ ಐರನ್ ಬಾರ್‌ಗೆ ಆರು ಸಾವಿರದ ಹತ್ತಿರ, ಹೊರಗೆ ಅಳತೆ ಮಾಡಿಸಿದ್ದಕ್ಕೆ ನಾಲ್ಕೈದು ಸಾವಿರ, ಟೂಲು ಹಾಳಾದದ್ದು ಬೇರೆ. ಎಲ್ಲ ಸೇರಿ ಹದಿನೆಂಟು ಸಾವಿರ ಇರಬಹುದು. ಮೂರು ಭಾನುವಾರವೂ ಹೋದವು.

ಫೈಲಿನ ವಿಷಯ ಬೇಗ ಹೇಳುತ್ತೇನೆ, ಏಕೆಂದರೆ ಇದರಲ್ಲೂ ಸಿಕ್ಕಿಬೀಳುತ್ತಿದ್ದೆ. ಪವರ್‌ಪಾಯಿಂಟ್‌ನಲ್ಲಿ ಫೋಟೋ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಒಳಗೇ ಇರುತ್ತದೆ. ಯಾರಾದರೂ ಎಳೆದರೆ ಪೂರಾ ಶಾಪ್ ಕಾಣುತ್ತದೆ. Compress Pictures ಒಳಗೆ Delete cropped areas of pictures ಟಿಕ್ ಮಾಡಬೇಕು. ಕರಿ ಪಟ್ಟಿ ಕೂಡ ಮೇಲೆ ಇಟ್ಟ ಡಬ್ಬಿ ಅಷ್ಟೇ, ಸರಿಸಬಹುದು. ಆಮೇಲೆ Inspect Document ಓಡಿಸಿ, ಪಿಡಿಎಫ್ ಮಾಡಿ, ಫೈಲಿನ ಹೆಸರು ನೋಡಿ. ನನ್ನ ಫೈಲಿನ ಹೆಸರಲ್ಲೇ ಕಸ್ಟಮರ್ ಪಾರ್ಟ್ ನಂಬರ್ ಕೂತಿತ್ತು. ಫೋಟೋ ಮಸುಕು ಮಾಡಿಯೂ ನೋಡಿದೆ. ಕದ್ದ ಮಾಲಿನ ಹಾಗೆ ಕಾಣಿಸಿತು, ತೆಗೆದೆ.

ಕಳಿಸುವ ಮುಂಚೆ ಆ ಸಾಲನ್ನು ಕಸ್ಟಮರ್‌ಗೇ ಮೇಲ್ ಮಾಡಿದೆ. "ಪ್ರೊಫೈಲ್‌ನಲ್ಲಿ ನಿಮ್ಮ ಕೆಲಸ ಹಾಕಬಹುದಾ" ಅಂತ ಕೇಳಿದರೆ ಬೇಡ ಅಂತಲೇ ಬರುತ್ತದೆ. ಒಮ್ಮೆ ಹಾಗೇ ಆಗಿತ್ತು. ಈ ಸಲ ಇದ್ದ ಸಾಲನ್ನು ಹಾಗೇ ಬರೆದು, "ಇಷ್ಟೇ ಹಾಕುತ್ತೇವೆ, ಹೆಸರು ಮತ್ತು ಫೋಟೋ ಇರುವುದಿಲ್ಲ, ಒಪ್ಪಿಗೆ ಇದ್ದರೆ ತಿಳಿಸಿ" ಅಂದೆ. ಹನ್ನೊಂದು ದಿನಕ್ಕೆ ಉತ್ತರ ಬಂತು. "ತೆಳು ಗೋಡೆಯ" ಅನ್ನುವುದನ್ನು ತೆಗೆಯಿರಿ, ಉಳಿದದ್ದು ಸರಿ ಅಂದರು. ಅದು ಅವರ ಹೊಸ ಡಿಸೈನಿನ ಸುಳಿವು ಅಂತ ನನಗೆ ಹೊಳೆದೇ ಇರಲಿಲ್ಲ. ಬ್ಲಾಕಿನಲ್ಲೂ ಅದೇ ಗೋಡೆ ಇದೆಯಲ್ಲ! ಎದೆ ಧಸಕ್ಕೆಂದಿತು. ಅದನ್ನೂ ಬರೆದು ಕೇಳಿದೆ. ಬ್ಲಾಕು ನಿಮ್ಮದು, ನಮ್ಮ ಸಾಲಿನ ಪಕ್ಕ ಮಾತ್ರ ಇಡಬೇಡಿ ಅಂದರು. ಈಗ ಬ್ಲಾಕಿಗೆ ಬೇರೆ ಪುಟ ಇದೆ. ಎರಡರ ನಡುವೆ ಮಷಿನ್ ಪಟ್ಟಿ.

ಪುಣೆಯಲ್ಲಿ ಪರ್ಚೇಸಿನವರು ಹೆಸರು ಕೇಳಿದರು. ಹೇಳುವ ಹಾಗಿಲ್ಲ ಸಾಹೇಬ್ರೆ ಅಂದೆ. ಮುಖ ಸಪ್ಪಗಾಯಿತು. ಪಕ್ಕದಲ್ಲಿದ್ದ ಕ್ವಾಲಿಟಿಯವರು ಬ್ಲಾಕ್ ಎತ್ತಿಕೊಂಡು 13 ಮತ್ತು 5ರ ಎರಡೂ ರಿಪೋರ್ಟ್ ಮುಂದೆ ಇಟ್ಟುಕೊಂಡರು. ಕೆಟ್ಟ ರಿಪೋರ್ಟಿನ ಮೇಲೇ ಅರ್ಧ ಗಂಟೆ ಕೂತರು. ಎಲ್ಲಿ ಹಿಡಿದಿದ್ರಿ, ಎಷ್ಟು ಹೊತ್ತಿಗೆ ಅಳೆದ್ರಿ, ಮಷಿನ್ ಬಿಸಿ ಇತ್ತಾ. ಹೆಸರಿನ ಮಾತು ಮತ್ತೆ ಬರಲಿಲ್ಲ. ಐವತ್ತು ಪೀಸಿನ ಟ್ರಯಲ್ ಸಿಕ್ಕಿತು, ಒಂದೂವರೆ ಲಕ್ಷದ ಆಸುಪಾಸು. ಎರಡು ರಿಜೆಕ್ಟ್ ಆದವು, ಒಂದು ಕಾಸ್ಟಿಂಗಿನ ತಪ್ಪು.

ಇನ್ನೊಂದು ಜಾಬಿಗೆ ಈ ಉಪಾಯ ನಡೆಯಲಿಲ್ಲ. ವಿಮಾನದ ಬಿಡಿಭಾಗದ ಕಡೆಯ ಸಣ್ಣ ಕೆಲಸ. ಅದರ ಸಾಲನ್ನು ಎಷ್ಟು ಸಡಿಲ ಮಾಡಿದರೂ ಮೂವರೂ ಒಂದೇ ಹೆಸರು ಹೇಳುತ್ತಾರೆ. ಮಾರ್ಚ್‌ನಲ್ಲಿ ಒಪ್ಪಿಗೆ ಕೇಳಿ ಮೇಲ್ ಹಾಕಿದ್ದೇನೆ, ಉತ್ತರ ಇಲ್ಲ. ಪ್ರೊಫೈಲಿನ ನಾಲ್ಕನೇ ಪುಟದಲ್ಲಿ ಅದರ ಜಾಗ ಖಾಲಿ ಬಿಟ್ಟಿದ್ದೇನೆ. ಭಾವ ದಿನಾ ಕೇಳುತ್ತಾರೆ.