ಒಂಟಿ ಪಂಚ್ ಹಿಡಿದು ನನ್ನ ಭಾನುವಾರ ವಾಪಸ್ ಪಡೆದದ್ದು

ನಾನು ಕಾರವಾರದ ಹತ್ತಿರದ ಒಂದು ಕಾರ್ಖಾನೆಯ ಪಂಪ್ ಹೌಸ್‌ನಲ್ಲಿ ಆಪರೇಟರ್. ಮನೆ ಅವರ್ಸಾದಲ್ಲಿ. ಎ ಶಿಫ್ಟ್ ಬೆಳಿಗ್ಗೆ 6ರಿಂದ 2, ಬಿ 2ರಿಂದ ರಾತ್ರಿ 10, ಸಿ ರಾತ್ರಿ 10ರಿಂದ ಬೆಳಿಗ್ಗೆ 6. ವಾರಕ್ಕೊಂದು ಶಿಫ್ಟ್, ಭಾನುವಾರ ಆಫ್. ಡ್ಯೂಟಿ ಚಾರ್ಟ್ ಓದೋದು ನಿಮಗೆ ಗೊತ್ತೇ ಇರುತ್ತೆ, ಅದನ್ನು ಬಿಡ್ತೇನೆ. ಚಾರ್ಟ್ ಸರಿ, ಸಂಬಳವೂ ಸರಿ ಅನ್ನಿಸುವಾಗಲೇ ನಡುವೆ ಒಂದು ದಿನ ಮಾಯವಾಗುತ್ತೆ. ಅದನ್ನು ಹಿಡಿದದ್ದು ಹೇಗೆ ಅಂತ ಬರೆಯುತ್ತಿದ್ದೇನೆ.

2023ರ ಜುಲೈ. 3ರಿಂದ 8ರವರೆಗೆ ನನಗೆ ಬಿ ಶಿಫ್ಟ್. 9 ಭಾನುವಾರ ಆಫ್. 10ರಿಂದ ಸಿ ಶಿಫ್ಟ್. ಭಾನುವಾರ ಸಂಜೆ ಫೋನ್ ಬಂತು. ರಾತ್ರಿಯವನಿಗೆ ಜ್ವರ, ಬರ್ತೀರಾ ಅಂದರು. ಮಳೆ ಹೊಯ್ಯುತ್ತಿತ್ತು. ಒಂಬತ್ತರ ಸುಮಾರಿಗೆ ಬಸ್ ಹಿಡಿದು ಹೋದೆ. ಸೋಮವಾರ ಬೆಳಿಗ್ಗೆ 6ಕ್ಕೆ ಹೊರಗೆ ಬಂದೆ. ಅದೇ ರಾತ್ರಿ 10ಕ್ಕೆ ನನ್ನ ಮಾಮೂಲಿ ಸಿ ಶಿಫ್ಟ್‌ಗೆ ಮತ್ತೆ ಒಳಗೆ. ಆ ವಾರ ಏಳು ರಾತ್ರಿ ದುಡಿದೆ. ಹಾಜರಿ ಬಂದದ್ದು ಆರು. ಆಫ್ ದಿನ ದುಡಿದದ್ದಕ್ಕೆ ಸಿಗುವ ಬದಲಿ ರಜೆ, ಅಂದರೆ ಕಾಂಪ್ ಆಫ್, ಸೊನ್ನೆ.

ಮೊದಲು ನಾನು ತಪ್ಪು ಕಡೆ ಹುಡುಕಿದೆ. ಜುಲೈ 1ರಿಂದ 31ರವರೆಗೆ ಲೆಕ್ಕ ಹಾಕಿಕೊಂಡು ಹಾಜರಿ ನೋಡುವ ಟೈಮ್ ಆಫೀಸಿಗೆ ಹೋದೆ. ನಮ್ಮಲ್ಲಿ ಸಂಬಳದ ತಿಂಗಳು 21ರಿಂದ 20ಕ್ಕೆ. ನನ್ನ ಒಂದು ಅಂಕಿಯೂ ಸಂಬಳದ ಸ್ಲಿಪ್ಪಿಗೆ ಹೊಂದಲಿಲ್ಲ, ವಾಪಸ್ ಕಳಿಸಿದರು. ಆಮೇಲೆ ಮೊಬೈಲಿನಲ್ಲಿ ಎಕ್ಸೆಲ್ ಮಾಡಿದೆ. ಬೆಳಿಗ್ಗೆ 6:00ರಿಂದ ರಾತ್ರಿ 22:00 ಕಳೆದರೆ ಗಂಟೆ ಬರೋದೇ ಇಲ್ಲ, ಬರೀ ##### ಗೀಟು. ಎರಡು ದಿನ ಒದ್ದಾಡಿ ಇದು ಸಿಕ್ಕಿತು:

```
=MOD(B2-A2,1)*24
```

A2 ಒಳಗೆ ಹೋದ ಹೊತ್ತು, B2 ಹೊರಗೆ ಬಂದ ಹೊತ್ತು. ಸೆಲ್ಲನ್ನು ನಂಬರ್ ಫಾರ್ಮ್ಯಾಟಿಗೆ ಹಾಕಿದ ಮೇಲೆ 8 ಅಂತ ಸರಿಯಾಗಿ ಬಂತು. ಆದರೆ ಗಂಟೆ ಸರಿ ಬಂದರೆ ಏನು, ಆ ಗಂಟೆ ಯಾವ ತಾರೀಖಿಗೆ ಸೇರುತ್ತೆ ಅನ್ನೋದೇ ಜಗಳ. ಕೊನೆಗೆ ಗೋಡೆ ಕ್ಯಾಲೆಂಡರ್‌ಗೆ ಬಂದೆ. ಶಿಫ್ಟ್ ಶುರುವಾದ ದಿನದ ಚೌಕದಲ್ಲಿ ಮಾತ್ರ ಬರೆಯೋದು. ಮುಗಿದ ದಿನದಲ್ಲಿ ಏನೂ ಬರೆಯಬಾರದು. ಮೇಲೆ ಚಾರ್ಟ್ ಹೇಳಿದ್ದು, ಕೆಳಗೆ ನಾನು ಮಾಡಿದ್ದು. 20ನೇ ತಾರೀಖಿನ ಮೇಲೆ ಕೆಂಪು ಗೆರೆ.

ಬಸ್ ಟಿಕೆಟ್ ಕೂಡಿಟ್ಟು ಸಾಕ್ಷಿ ಮಾಡುವ ಪ್ರಯೋಗವೂ ಆಯಿತು. ಮೆಶಿನ್ ಟಿಕೆಟ್ ಮಳೆಗಾಲದಲ್ಲಿ ತಿಂಗಳೊಳಗೆ ಬೆಳ್ಳಗಾಗುತ್ತೆ. ಅದೇ ದಿನ ಫೋಟೊ ತೆಗೆದರೆ ಮಾತ್ರ ಉಪಯೋಗ.

ಇನ್ನು ಅಸಲು ವಿಷಯ. ಒಳಗೆ ಹೋದ, ಹೊರಗೆ ಬಂದ ಹೊತ್ತು ದಾಖಲಿಸುವ ನಮ್ಮ ಪಂಚಿಂಗ್ ಮೆಶಿನ್ ಒಂದೇ ತಾರೀಖಿನ ಎರಡು ಪಂಚ್ ಸೇರಿಸಿ ಒಂದು ಹಾಜರಿ ಮಾಡುತ್ತೆ. ಮಾಮೂಲಿ ಸಿ ವಾರ ತೆಗೆದುಕೊಳ್ಳಿ. ಸೋಮವಾರ ರಾತ್ರಿ 10ರದ್ದು ಒಂಟಿ ಪಂಚ್. ಮಂಗಳವಾರದಿಂದ ಶನಿವಾರದವರೆಗೆ ಬೆಳಿಗ್ಗೆ 6 ಮತ್ತು ರಾತ್ರಿ 10, ಜೋಡಿ. ಭಾನುವಾರ ಬೆಳಿಗ್ಗೆ 6ರದ್ದು ಮತ್ತೆ ಒಂಟಿ. ಟೈಮ್ ಕೀಪರ್ ಚಾರ್ಟ್ ನೋಡಿ ಸೋಮವಾರದ ಒಂಟಿಯನ್ನು ಕೈಯಲ್ಲಿ ಹಾಜರಿ ಮಾಡುತ್ತಾರೆ. ಭಾನುವಾರದ್ದನ್ನು ಬಿಡುತ್ತಾರೆ. ಆರು ದಿನ, ಲೆಕ್ಕ ಸರಿ.

ನನ್ನ ವಾರದಲ್ಲಿ ಏನಾಯಿತು ನೋಡಿ. ಸೋಮವಾರ ಬೆಳಿಗ್ಗೆ 6ಕ್ಕೆ ನಾನು ಹೊರಬಂದ ಪಂಚ್, ರಾತ್ರಿ 10ಕ್ಕೆ ಒಳಹೋದ ಪಂಚ್ ಎರಡೂ ಸೇರಿ ಸೋಮವಾರ ತಾನಾಗಿಯೇ ಹಾಜರಿ. ಟೈಮ್ ಕೀಪರ್ ಮುಟ್ಟುವ ಅಗತ್ಯವೇ ಬರಲಿಲ್ಲ. ಒಂಟಿಯಾಗಿ ಉಳಿದದ್ದು 9ರ ರಾತ್ರಿಯ ಪಂಚ್. ಅದು ಆಫ್ ದಿನ, ಹಾಗಾಗಿ ಬಿಟ್ಟರು. ಒಂಟಿ ಪಂಚ್ ಎಷ್ಟು ಅಂತ ಎಣಿಸಿದರೂ ಗೊತ್ತಾಗಲ್ಲ, ಮಾಮೂಲಿ ವಾರದಲ್ಲೂ ಎರಡು, ಇಲ್ಲೂ ಎರಡೇ. ಮೊದಲ ಒಂಟಿ ಯಾವ ತಾರೀಖಿನಲ್ಲಿ ಕೂತಿದೆ ಅಂತ ನೋಡಬೇಕು. ಆಫ್ ದಿನದ ರಾತ್ರಿ 10ಕ್ಕೆ ಕೂತಿದ್ದರೆ ಆ ಆಫ್ ನೀವು ದುಡಿದಿದ್ದೀರಿ. ಇದು ನಮ್ಮ ಇಲಾಖೆಯಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ, ನನಗೆ ಹೊಳೆಯಿತು. ಕಚ್ಚಾ ಪಂಚ್ ರಿಪೋರ್ಟ್ ನನ್ನ ಕೈಗೆ ಹೇಗೆ ಬಂತು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

"ಸುಮ್ನೆ ಎಂತಕ್ಕೆ ತಲೆ ಕೆಡಿಸ್ಕೊಳ್ತೆ ಮಾರಾಯಾ, ಒಂದು ದಿನಕ್ಕೆ?" ಅಂದ ಜೊತೆಯವನು. ನನ್ನ ಒಂದು ದಿನ ಅಂದರೆ ಆಗ ಸುಮಾರು 700 ರೂಪಾಯಿ.

ಟೈಮ್ ಆಫೀಸಿನಲ್ಲಿ ರಿಪೋರ್ಟ್ ಇಟ್ಟೆ. ಅವರದ್ದು ಬೇರೆಯೇ ವಾದ. "ಶನಿವಾರ ರಾತ್ರಿ 10ಕ್ಕೆ ಬಿಟ್ರಿ, ಭಾನುವಾರ ರಾತ್ರಿ 10ಕ್ಕೆ ಬಂದ್ರಿ. 24 ಗಂಟೆ ಸಿಕ್ತಲ್ವಾ?" ನಾನು ಇದಕ್ಕೆ ತಯಾರಾಗಿಯೇ ಹೋಗಿದ್ದೆ. ಆಗ ನಡೆಯುತ್ತಿದ್ದದ್ದು 1948ರ ಫ್ಯಾಕ್ಟರೀಸ್ ಆಕ್ಟ್. ಅದರಲ್ಲಿ ದಿನ ಅಂದರೆ ಮಧ್ಯರಾತ್ರಿಯಿಂದ ಶುರುವಾಗುವ 24 ಗಂಟೆ. ಶಿಫ್ಟ್ ಮುಗಿದಲ್ಲಿಂದ 24 ಗಂಟೆ ಎಣಿಸುವ ಮಾತು 57ನೇ ಸೆಕ್ಷನ್ನಿನಲ್ಲಿದೆ, ಆದರೆ ಅದು ಮಧ್ಯರಾತ್ರಿ ದಾಟುವ ಶಿಫ್ಟಿಗೆ ಮಾತ್ರ. ನನ್ನ ಬಿ ಶಿಫ್ಟ್ ದಾಟೋದಿಲ್ಲ. ಸಿ ಶಿಫ್ಟ್ ದಾಟುತ್ತೆ, ಆದರೆ ಅದೇ ಸೆಕ್ಷನ್ ಪ್ರಕಾರ ಮಧ್ಯರಾತ್ರಿ ನಂತರದ ಗಂಟೆ ಹಿಂದಿನ ದಿನಕ್ಕೆ ಸೇರುತ್ತೆ. ಹಾಗಾಗಿ ಎಂಟೂ ಗಂಟೆ ಭಾನುವಾರದ್ದೇ.

ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕ್ಯಾಲೆಂಡರ್. 3ರಿಂದ 15ರವರೆಗೆ ಬೆರಳಿಟ್ಟು ತೋರಿಸಿದೆ. ಹದಿಮೂರು ಚೌಕ, ಒಂದೂ ಖಾಲಿ ಇಲ್ಲ. ಪೂರ್ತಿ ಒಂದು ದಿನ ರಜೆ ಇಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ಸತತ ದುಡಿಸಬಾರದು ಅಂತ 52ನೇ ಸೆಕ್ಷನ್. ಅವರು ಮತ್ತೆ ವಾದ ಮಾಡಲಿಲ್ಲ. ಬದಲಿ ರಜೆಗೆ ಅದೇ ತಿಂಗಳು, ಇಲ್ಲವೇ ಮುಂದಿನ ಎರಡು ತಿಂಗಳು ಅವಕಾಶ. ನನಗೆ ಸೆಪ್ಟೆಂಬರ್ 30ರವರೆಗೆ ಇತ್ತು. ಆಗಸ್ಟ್ 17, ಗುರುವಾರ ಕೊಟ್ಟರು. ಆ ವಾರದ ಓಟಿ ಬೇರೆಯೇ ಲೆಕ್ಕ, ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಮುಗಿಯಿತು ಅಂದುಕೊಂಡೆ. ಆಗಸ್ಟ್ ಸ್ಲಿಪ್ ಬಂತು. ಸಂಬಳ ಒಂದು ಪೈಸೆ ಕಮ್ಮಿ ಇಲ್ಲ. ಕೆಳಗಿನ ಮೂಲೆಯಲ್ಲಿ ಇಎಲ್, ಅಂದರೆ ಗಳಿಕೆ ರಜೆಯ ಬ್ಯಾಲೆನ್ಸ್ 11 ಇದ್ದದ್ದು 10 ಆಗಿತ್ತು. 17ನೇ ತಾರೀಖಿಗೆ ಕಾಂಪ್ ಆಫ್ ಬದಲು ಇಎಲ್ ಅಂತ ಹಾಕಿದ್ದರು. ನನ್ನ ರಜೆಯನ್ನೇ ನನಗೆ ಕೊಟ್ಟ ಹಾಗಾಯಿತು. ಕೈಗೆ ಬರುವ ದುಡ್ಡು ಬದಲಾಗದ ಕಾರಣ ಇದನ್ನು ಯಾರೂ ನೋಡುವುದಿಲ್ಲ. ಕೆಲಸ ಬಿಡುವಾಗ ಇಎಲ್ ದುಡ್ಡು ಲೆಕ್ಕ ಹಾಕುವಾಗ ಅಷ್ಟೂ ದಿನ ಕಮ್ಮಿ ಬರುತ್ತೆ. ಅಂದಿನಿಂದ ನಾನು ಸ್ಲಿಪ್ ಓದೋದು ಕೆಳಗಿನಿಂದ. ಮೊದಲು ರಜೆಯ ಬ್ಯಾಲೆನ್ಸ್, ಆಮೇಲೆ ಹಾಜರಿ ದಿನ, ಕೊನೆಗೆ ರೂಪಾಯಿ. ಹೋದ ತಿಂಗಳ ಸ್ಲಿಪ್ ಪಕ್ಕದಲ್ಲೇ ಇರಬೇಕು, ಒಂದೇ ಸ್ಲಿಪ್‌ನಲ್ಲಿ ಇದು ಕಾಣಲ್ಲ.

ಈ ಸಲ ಬಾಯಲ್ಲಿ ಹೇಳಲಿಲ್ಲ. ಕಾಂಪ್ ಆಫ್ ಮಂಜೂರಾದ ಚೀಟಿಯ ಫೋಟೊ ಇತ್ತು, ಅದರ ಪ್ರಿಂಟ್ ಜೊತೆ ಅರ್ಧ ಹಾಳೆ ಅರ್ಜಿ. ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಂಡೆ. ಸೆಪ್ಟೆಂಬರ್ ಸ್ಲಿಪ್‌ನಲ್ಲಿ ಮತ್ತೆ 11.

ಆಮೇಲೆ ಹಳೆಯದನ್ನು ಕೆದಕಿದೆ. ಬಿ ಮುಗಿದು ಸಿ ಶುರುವಾಗುವ ಭಾನುವಾರಗಳನ್ನು ಮಾತ್ರ ನೋಡಿದರೆ ಸಾಕು, ಈ ತಪ್ಪು ಬೇರೆಲ್ಲೂ ಹೀಗೆ ಮುಚ್ಚಿಕೊಳ್ಳಲ್ಲ. ಒಂದು ವರ್ಷದಲ್ಲಿ ಇನ್ನೂ ಮೂರು ಸಿಕ್ಕಿದವು. ರಜೆಯ ಅವಧಿ ದಾಟಿತ್ತು. ಎರಡಕ್ಕೆ ದುಡ್ಡು ಕೊಟ್ಟರು, ಸುಮಾರು 1,400. ಮೂರನೆಯದು ನನ್ನ ನೆನಪಿನಲ್ಲಿದೆ, ರಿಪೋರ್ಟಿನಲ್ಲಿಲ್ಲ. ಆ ರಾತ್ರಿ ಕರೆಂಟ್ ಹೋಗಿ ಮೆಶಿನ್ ನಿಂತಿತ್ತು, ಗೇಟಿನ ರಿಜಿಸ್ಟರಿನಲ್ಲಿ ಸಹಿ ಮಾಡಿ ಹೋಗಿದ್ದೆ. ಆ ರಿಜಿಸ್ಟರ್ ಈಗ ಸಿಗುತ್ತಿಲ್ಲ. ಈಗ ಗೇಟಿನಲ್ಲಿ ಸಹಿ ಮಾಡಿದ ಕೂಡಲೇ ಆ ಸಾಲಿನ ಫೋಟೊ ತೆಗೆಯುತ್ತೇನೆ. ಎಂತಕ್ಕೆ ಅಂತ ಕೇಳಿದ್ದ ಜೊತೆಯವನೂ ಈಗ ತೆಗೆಯುತ್ತಾನೆ.