ಬ್ಲೌಸಿನ ದರಪಟ್ಟಿಯಲ್ಲಿ ಬಟ್ಟೆಗೂ ಒಂದು ಕಾಲಂ

ದಾವಣಗೆರೆಯ ಚೌಕಿಪೇಟೆಯಲ್ಲಿ ಸೀರೆ ಕೊಂಡವರು ಅದೇ ಚೀಲ ಹಿಡಿದು ನಮ್ಮ ಹೊಲಿಗೆ ಅಂಗಡಿಗೆ ಬರುತ್ತಾರೆ. ಬಂದವರು ಮೊದಲು ಕೇಳುವುದೇ ‘ಬ್ಲೌಸಿಗೆ ಎಷ್ಟು?’ ಎಂದು. ಬಟ್ಟೆ ನೋಡದೆ ಅದಕ್ಕೆ ಉತ್ತರ ಹೇಳಲಾಗದು. ಅದಕ್ಕೇ ಗೋಡೆಯ ದರಪಟ್ಟಿಯಲ್ಲಿ ಉಡುಪಿನ ಪಕ್ಕ ಬಟ್ಟೆಗೂ ಒಂದು ಕಾಲಂ ಹಾಕಿದೆ.

| ಉಡುಪು | ಬಟ್ಟೆ | ಹೊಲಿಗೆ ಕೂಲಿ | ಕೊಡುವುದು |
|---|---|---|---|
| ಬ್ಲೌಸ್ | ಕಾಟನ್, ಲೈನಿಂಗ್ ಇಲ್ಲದೆ | ₹200 | 3 ದಿನ |
| ಬ್ಲೌಸ್ | ರೇಷ್ಮೆ, ಲೈನಿಂಗ್ ಸಮೇತ | ₹400 | 5 ದಿನ |
| ಬ್ಲೌಸ್ | ಜಾರ್ಜೆಟ್, ಶಿಫಾನ್, ಲೈನಿಂಗ್ ಸಮೇತ | ₹450 | 6 ದಿನ |
| ಚೂಡಿದಾರ್ | ಕಾಟನ್, ಲೈನಿಂಗ್ ಇಲ್ಲದೆ | ₹350 | 4 ದಿನ |
| ಸೀರೆ ಫಾಲ್, ಪಿಕೋ | ಯಾವುದಾದರೂ | ₹100 | 2 ದಿನ |

ಪಟ್ಟಿಯ ಕೆಳಗೆ ‘ಲೈನಿಂಗ್ ಬಟ್ಟೆಯ ಬೆಲೆ ಬೇರೆ’ ಎಂದು ದಪ್ಪ ಅಕ್ಷರದಲ್ಲಿದೆ. ಜಗಳ ಹುಟ್ಟುವುದೇ ಅಲ್ಲಿ.

‘ಅಲ್ಲಕ್ಕ, ಮೊನ್ನೆ ಇನ್ನೂರಕ್ಕೆ ಹೊಲಿದುಕೊಟ್ರಿ, ಇದಕ್ಯಾಕೆ ನಾನೂರು?’ ಎಂದು ಕೇಳಿದವರಿಗೆ ಎರಡನೇ ಸಾಲು ತೋರಿಸುತ್ತೇನೆ. ಸಾದಾ ಕಾಟನ್ ಬ್ಲೌಸ್ ಕಟಿಂಗ್‌ನಿಂದ ಹುಕ್ಸಿನವರೆಗೆ ಹೆಚ್ಚೂಕಡಿಮೆ ಒಂದೂವರೆ ತಾಸಿನ ಕೆಲಸ. ಲೈನಿಂಗ್ ಬಂತೆಂದರೆ ಪ್ರತಿ ತುಂಡನ್ನೂ ಎರಡು ಸಲ ಕತ್ತರಿಸಬೇಕು, ಎರಡೂ ಪದರ ಸೇರಿಸಿ ಸುತ್ತ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಡಾಟ್ ಹಿಡಿಯಬೇಕು. ಮೂರು ತಾಸು ಹಿಡಿಯುತ್ತದೆ. ಜಾರ್ಜೆಟ್ ಮೇಜಿನ ಮೇಲೆ ನಿಲ್ಲುವುದೇ ಇಲ್ಲ. ಕೆಳಗೆ ಪೇಪರ್ ಹಾಸಿ, ಪಿನ್ನು ಚುಚ್ಚಿ ಕತ್ತರಿಸುತ್ತೇನೆ. 14ರ ಸೂಜಿ ತೆಗೆದು 11ರದ್ದು ಹಾಕುತ್ತೇನೆ, ಇಲ್ಲದಿದ್ದರೆ ಎಳೆ ಜಗ್ಗುತ್ತದೆ. ಆ ಹೆಚ್ಚಿನ ₹50 ಇದಕ್ಕೆ.

ಬಟ್ಟೆಯ ಹೆಸರಿನ ಬಗ್ಗೆ ವಾದ ಬಂದರೆ ಅಂಚನ್ನು ಉಗುರಿನಿಂದ ಎರಡು ಸಲ ಕೆರೆದು ನೋಡುತ್ತೇನೆ. ನೂಲು ಬಿಟ್ಟುಕೊಂಡರೆ ಬದಿಗೆ ಜಾಸ್ತಿ ಬಟ್ಟೆ ಬಿಟ್ಟು, ಓವರ್‌ಲಾಕ್ ಮಾಡಲೇಬೇಕು. ಅಂಥದ್ದು ಯಾವ ಹೆಸರಿನದಾದರೂ ಮೂರನೇ ಸಾಲಿಗೇ ಹೋಗುತ್ತದೆ. ಗಿರಾಕಿಯ ಎದುರೇ ಕೆರೆಯುವುದರಿಂದ ಅವರಿಗೂ ಸಮಾಧಾನ.

ದಿನಗಳ ಕಾಲಂ ಬರೆಯುವಾಗ ಮೆಷಿನ್ ಕೆಲಸವನ್ನಷ್ಟೇ ಲೆಕ್ಕ ಹಿಡಿದರೆ ಸಾಲದು. ಕಾಟನ್ ಲೈನಿಂಗನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ನೆನೆಸದೆ ಹೊಲಿದದ್ದು ಅಂಗಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೀರಿಗೆ ಬಿದ್ದ ಮೇಲೆ ಒಳಗಿನ ಪದರ ಕುಗ್ಗಿ, ಕಂಕುಳ ಬಿಗಿಯಾಗಿ, ಮೇಲಿನ ರೇಷ್ಮೆ ಬದಿ ಹೊಲಿಗೆಯ ಉದ್ದಕ್ಕೂ ಸುಕ್ಕುಸುಕ್ಕಾಗಿ ಉಬ್ಬುತ್ತದೆ. ಅದನ್ನು ಸರಿಮಾಡಲು ಪೂರ್ತಿ ಬಿಚ್ಚಬೇಕು. ಆ ಒಂದು ದಿನವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹುಕ್ಸು, ಹೆಮ್ಮಿಂಗ್ ಕೈಕೆಲಸ ಬೇರೊಬ್ಬರ ಮನೆಗೆ ಹೋಗಿ ಬರಲು ಇನ್ನೊಂದು ದಿನ. ಉಳಿದದ್ದು ಸರದಿ.

ದಿನ ಎಣಿಸುವುದು ಸೀರೆ ಕೊಟ್ಟಾಗಿನಿಂದಲ್ಲ, ಅಳತೆ, ಬಟ್ಟೆ, ಲೈನಿಂಗ್ ಮೂರೂ ಕೈಗೆ ಬಂದಾಗಿನಿಂದ. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕೆ ಜಾತ್ರೆಯ ಮುಂಚೆ ಕೊನೆಯ ಕಾಲಂ ಮೇಲೆ ‘10 ದಿನ’ ಎಂದು ಚೀಟಿ ಅಂಟಿಸುತ್ತೇನೆ, ಕೂಲಿ ಮಾತ್ರ ಮುಟ್ಟುವುದಿಲ್ಲ. ಅರ್ಜೆಂಟ್ ಎಂದವರಿಗೆ ಕಾಟನ್ ಬ್ಲೌಸ್ ಮಾರನೇ ದಿನವೇ ಕೊಡಬಹುದು. ಲೈನಿಂಗಿನದಕ್ಕೆ ಎಷ್ಟು ಕೊಡುತ್ತೇನೆಂದರೂ ಒಪ್ಪುವುದಿಲ್ಲ.