ನೀಲಿ ನೇರಳೆಯಾದಾಗ ನಾನು ಬರೆದ ಉತ್ತರ

"ನೀಲಿ ಕೇಳಿದ್ದೆವು, ನೇರಳೆ ಬಂದಿದೆ. 2000 ಪ್ರತಿ ದಂಡ. ಪ್ರದರ್ಶನಕ್ಕೆ ಆರೇ ದಿನ ಇದೆ."

ಕ್ಲೈಂಟ್ ಮೇಡಂ ಕಳಿಸಿದ ಮೇಲ್ ಇಷ್ಟೇ. ಬ್ರೋಷರ್ ಡಿಸೈನ್ ಮಾಡಿ, ಪ್ರಿಂಟ್ ಹಾಕಿಸಿ ಕೊಟ್ಟಿದ್ದು ನಾನೇ. ಬಿಲ್ಲಿನ ಅರ್ಧ ಇನ್ನೂ ಬರಬೇಕಿತ್ತು.

ಇಂಥ ಮೇಲ್‌ಗೆ ಉತ್ತರ ಬರೆದು ಎರಡು ಸಲ ಕೈ ಸುಟ್ಟುಕೊಂಡವನು ನಾನು. ಮೊದಲನೇ ಸಲ ಸ್ಕ್ರೀನ್ ಬೇರೆ, ಇಂಕ್ ಬೇರೆ ಅಂತ ಒಂದೂವರೆ ಪುಟ ಪಾಠ ಮಾಡಿದ್ದೆ. ಹೇಳಿದ್ದೆಲ್ಲ ನಿಜವೇ. ಆದರೆ ಓದಿದವರಿಗೆ ಕಂಡಿದ್ದು ನುಣುಚಿಕೊಳ್ಳುವ ಮನುಷ್ಯ. ಬಾಕಿ ಹಣ ಬರಲೇ ಇಲ್ಲ. ಎರಡನೇ ಸಲ ಉಲ್ಟಾ ಮಾಡಿದೆ. ನಾಲ್ಕು ಕಡೆ ಕ್ಷಮೆ ಕೇಳಿ, ಅವರು ಕೇಳುವ ಮೊದಲೇ ಶೇ. 20 ಕಡಿಮೆ ಮಾಡಿದೆ. ಆಮೇಲೆ ಆ ಕ್ಲೈಂಟ್ ಪ್ರತಿ ಕೆಲಸದಲ್ಲೂ ಒಂದು ತಪ್ಪು ಹುಡುಕಿ ಶೇ. 20 ಕೇಳತೊಡಗಿದರು. ತಪ್ಪು ಯಾಕಾಯಿತು ಅಂತ ಎಲ್ಲೂ ಹೇಳಿರಲಿಲ್ಲವಲ್ಲ, ಮತ್ತೆ ಆಗಲ್ಲ ಅಂತ ಅವರಾದರೂ ಹೇಗೆ ನಂಬಬೇಕು?

ಈ ಸಲ ಉತ್ತರ ಬರೆಯುವ ಮೊದಲು ಗಾಡಿ ತೆಗೆದುಕೊಂಡು ಹೋಗಿ ಒಂದು ಪ್ರತಿ ತಂದೆ. ಅದನ್ನು ಕಿಟಕಿ ಬೆಳಕಲ್ಲಿ ಇಟ್ಟು ನೋಡಿದೆ, ಫೈಲ್ ತೆರೆದೆ. ಮುಖಪುಟದ ನೀಲಿ ಇನ್ನೂ ಸ್ಕ್ರೀನಿನ ಬಣ್ಣದ ಲೆಕ್ಕವಾದ ಆರ್‌ಜಿಬಿಯಲ್ಲೇ ಇತ್ತು: 0, 0, 255. ಪ್ರಿಂಟಿನ ಇಂಕಿನ ಲೆಕ್ಕವಾದ ಸಿಎಂವೈಕೆಗೆ ತಿರುಗಿದಾಗ ಸಯಾನ್ ಅನ್ನೋ ತಿಳಿನೀಲಿ ಇಂಕ್ 88, ಮಜೆಂಟಾ ಅನ್ನೋ ಗುಲಾಬಿಗೆಂಪು ಇಂಕ್ 77ರ ಹತ್ತಿರ ಬಂದಿತ್ತು. ಮಜೆಂಟಾ ಸಯಾನ್‌ಗೆ ಅಷ್ಟು ಹತ್ತಿರ ಬಂದರೆ ನೇರಳೆ ಆಗದೆ ಇನ್ನೇನಾಗುತ್ತೆ? ಅವಸರದಲ್ಲಿ ಪ್ರೂಫ್, ಅಂದರೆ ಮೊದಲೇ ನೋಡೋಕೆ ಒಂದು ಮಾದರಿ ಪ್ರತಿ, ಬೇರೆ ತೆಗೆಸಿರಲಿಲ್ಲ.

ಕಳಿಸಿದ ಮೇಲ್ ಹೆಚ್ಚು ಕಡಿಮೆ ಹೀಗಿತ್ತು:

"ಮೇಡಂ, ಬ್ರೋಷರ್ ನನ್ನ ಮೇಜಿನ ಮೇಲಿದೆ. ನೀವು ಹೇಳಿದ್ದು ಸರಿ, ಮುಖಪುಟ ನೇರಳೆ ಆಗಿದೆ. ಇದನ್ನು ಪ್ರದರ್ಶನದಲ್ಲಿ ಹಂಚುವ ಹಾಗಿಲ್ಲ.

ತಪ್ಪು ನನ್ನ ಫೈಲಿನದು. ನೀಲಿಯನ್ನು ಸ್ಕ್ರೀನಿನ ಬಣ್ಣದಲ್ಲೇ ಬಿಟ್ಟಿದ್ದೆ. ಪ್ರಿಂಟಿಗೆ ಹೋಗುವಾಗ ಅದಕ್ಕೆ ಕೆಂಪು ಛಾಯೆ ಜಾಸ್ತಿ ಸೇರಿತು. ಪ್ರೂಫ್ ತೆಗೆಸಿದ್ದರೆ ಗೊತ್ತಾಗುತ್ತಿತ್ತು, ನಾನು ತೆಗೆಸಲಿಲ್ಲ.

ನಾಳೆ ಸಂಜೆ 5 ಗಂಟೆಯೊಳಗೆ ಅದೇ ಕಾಗದದ ಮೇಲೆ ಎರಡು ನೀಲಿಯ ಪ್ರೂಫ್ ತಂದು ಕೊಡುತ್ತೇನೆ. ನೀವು ಒಂದಕ್ಕೆ ಸಹಿ ಹಾಕಿದರೆ, ಪ್ರದರ್ಶನಕ್ಕೆ ಎರಡು ದಿನ ಮೊದಲು 500 ಪ್ರತಿ ನಿಮ್ಮ ಕೈಯಲ್ಲಿರುತ್ತದೆ. ಅದರ ಖರ್ಚು ನನ್ನದು. ಉಳಿದಿದ್ದನ್ನು ಪ್ರದರ್ಶನ ಮುಗಿದ ಮೇಲೆ ಕೂತು ಮಾತಾಡೋಣ. ಪ್ರದರ್ಶನಕ್ಕೆ 500 ಸಾಕಾ?"

ಕಳಿಸುವ ಮೊದಲು ಜೊತೆಗಾರನಿಗೆ ತೋರಿಸಿದ್ದೆ. "ತಪ್ಪು ನನ್ನದು ಅಂತ ಬರೆದು ಕೊಟ್ಟರೆ ಬಾಕಿ ದುಡ್ಡಿಗೆ ಎಳ್ಳುನೀರು ಬಿಟ್ಟ ಹಾಗೆ ಕಣೋ" ಅಂದ. ಇನ್ನೊಬ್ಬ, ಪ್ರೆಸ್ಸಿನವರ ಮೇಲೆ ಹಾಕು ಅಂದ. ಹಾಕಬಹುದಿತ್ತು, ಅವರೂ ಒಂದು ಮಾತು ಕೇಳದೆ ಪ್ಲೇಟ್ ಮಾಡಿದ್ದರು. ಆದರೆ ಪ್ರೆಸ್ ಆರಿಸಿದ್ದು ನಾನು. ಅವರ ಹೆಸರು ಎತ್ತಿದರೆ ಮೇಡಂಗೆ ಜಗಳ ಆಡೋಕೆ ಇನ್ನೊಬ್ಬರು ಸಿಗುತ್ತಾರೆ ಅಷ್ಟೇ.

ಒಂದು ಗಂಟೆಯಲ್ಲಿ ಉತ್ತರ ಬಂತು: "700 ಬೇಕು." ಕೆಲಸ ಸಾಕು ಅನ್ನಬಹುದಿದ್ದವರು ಸಂಖ್ಯೆ ಮಾತಾಡಿದರು. ಕೊನೆಯಲ್ಲಿ ಪ್ರಶ್ನೆ ಇಟ್ಟಿದ್ದೇ ಇದಕ್ಕೆ.

700ಕ್ಕೆ ಆಫ್‌ಸೆಟ್ ಪ್ಲೇಟ್ ಮತ್ತೆ ಮಾಡಿಸುವುದು ದುಬಾರಿ. ಡಿಜಿಟಲ್‌ನಲ್ಲೇ ಹಾಕಿಸಿದೆ, ಅದಕ್ಕೇ ಪ್ರೂಫನ್ನೂ ಅದೇ ಮೆಷಿನ್ನಿನಲ್ಲಿ ತೆಗೆಸಿದ್ದು. ಸಯಾನ್ 100 ಇಟ್ಟು, ಒಂದರಲ್ಲಿ ಮಜೆಂಟಾ 70, ಇನ್ನೊಂದರಲ್ಲಿ 60. ಮೇಡಂ 60ಕ್ಕೆ ಸಹಿ ಹಾಕಿದರು. ನನ್ನ ಫೀಸಿನಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಪ್ರದರ್ಶನದ ಮುಂದಿನ ವಾರ ಬಾಕಿ ಪೂರ್ತಿ ಬಂತು, ಉಳಿದ 1300 ಪ್ರತಿ ಮತ್ತೆ ಹಾಕಿಸುವಾಗ ಕಾಗದದ ಖರ್ಚನ್ನು ಅವರೇ ಹಾಕಿಕೊಂಡರು. ಜೊತೆಗಾರನಿಗೆ ಆ ಮೇಲ್ ಫಾರ್ವರ್ಡ್ ಮಾಡಿದೆ, ಸುಮ್ನೆ.

ಆಮೇಲೆ ಇದನ್ನೇ ವಾಯ್ಸ್ ಮೆಸೇಜಿನಲ್ಲಿ ಪ್ರಯತ್ನಿಸಿದೆ. ದನಿ ನಡುಗಿತು, ತಾರೀಖು ಯಾರಿಗೂ ನೆನಪಿರಲಿಲ್ಲ. ಅದನ್ನು ಬಿಟ್ಟೆ. ಇನ್ನೊಂದು ಸಲ ಕಾರಣ ಗೊತ್ತಾಗುವ ಮೊದಲೇ ಊಹಿಸಿ ಬರೆದೆ, ಕಾಗದದ ದೋಷ ಅಂತ. ಮಾರನೇ ದಿನ ನೋಡಿದರೆ ಫಾಂಟ್ ಬದಲಾಗಿತ್ತು, ಎರಡನೇ ಮೇಲ್ ಬರೆಯಬೇಕಾಯಿತು. ಅದನ್ನು ಅವರು ನಂಬಲಿಲ್ಲ. ಈಗ ಕಾರಣ ಸಿಕ್ಕದಿದ್ದರೆ ಆ ಜಾಗದಲ್ಲಿ "ಫೈಲ್ ನೋಡುತ್ತಿದ್ದೇನೆ, ನಾಳೆ 11 ಗಂಟೆಗೆ ಹೇಳುತ್ತೇನೆ" ಅಂತಷ್ಟೇ ಬರೆಯುತ್ತೇನೆ. 11ಕ್ಕೂ ಸಿಕ್ಕದಿದ್ದರೆ, ಸಿಕ್ಕಿಲ್ಲ ಅಂತ 11ಕ್ಕೇ ಹೇಳುತ್ತೇನೆ.